ಯಾವುದರೊಡನೆ ತಾಳೆ?



ಗಣಿತದ ದತ್ತಿ ಉಪನ್ಯಾಸವೆಂದರೆ ದೊಡ್ಡ ಪ್ರಮೇಯವೊಂದನ್ನು ಎತ್ತಿಕೊಳ್ಳುವುದು ವಾಡಿಕೆ. ನಾನು ಇವತ್ತು ಹಿಡಿದು ತಂದಿರುವುದು ಮೊಬೈಲಿನಲ್ಲಿ ಬಂದ ಒಂದು ಲೆಕ್ಕ. ಮೂರು ಅವ್ಯಕ್ತಗಳು, ಮೂರು ರೇಖಾತ್ಮಕ ಸಮೀಕರಣಗಳು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಚರಾಕ್ಷರಗಳ ಜೋಡಿ ಸಮೀಕರಣಗಳನ್ನು ವರ್ಜಿಸುವ ವಿಧಾನದಿಂದ ಬಿಡಿಸುವುದನ್ನು ನಾವೆಲ್ಲ ಕಲಿತಿದ್ದೇವೆ. ದ್ವಿತೀಯ ಪಿಯುಸಿಗೆ ಬಂದಾಗ ಅವ್ಯಕ್ತಗಳು ಮೂರಾಗುತ್ತವೆ, ವಿಧಾನವೂ ಬದಲಾಗಿ ಮ್ಯಾಟ್ರಿಕ್ಸ್ ಆಗುತ್ತದೆ. ಆದರೂ ಜಾಣ ಮಕ್ಕಳು ಉತ್ತರ ಸರಿಯಿದೆಯೇ ಎಂದು ನೋಡಲು ಹಳೆಯ ವರ್ಜಿಸುವ ದಾರಿಗೇ ಮರಳುತ್ತಾರೆ. ಅದು ಒಳ್ಳೆಯ ಅಭ್ಯಾಸ.

ತರಗತಿ ತಪ್ಪಿಸಿಕೊಂಡ ಹುಡುಗಿಯೊಬ್ಬಳಿಗೆ ಗೆಳತಿ ತನ್ನ ನೋಟ್ಸ್‌ನ ಹಾಳೆಯನ್ನು ಫೋಟೊ ತೆಗೆದು ಕಳಿಸಿದ್ದಳು. ಅದರಲ್ಲಿದ್ದ ಲೆಕ್ಕವನ್ನು ಈಕೆ ಬಿಡಿಸಿ, ಫೋಟೊ ಮತ್ತು ತನ್ನ ಉತ್ತರ ಎರಡನ್ನೂ ನನಗೆ ಕಳಿಸಿದಳು. ಜೊತೆಗೆ ಒಂದು ದೂರು: "ಸರ್, ಮೂರೂ ಸಮೀಕರಣದಲ್ಲಿ ಹಾಕಿ ನೋಡಿದೆ, ತಾಳೆ ಆಗ್ತಿದೆ. ಆದ್ರೆ ಅವಳ ಉತ್ತರವೇ ಬೇರೆ, ಅವಳದ್ದೂ ತಾಳೆ ಆಗುತ್ತಂತೆ." ಇಬ್ಬರದೂ ಒಂದೇ ಲೆಕ್ಕ, ಉತ್ತರ ಎರಡು, ಎರಡೂ ತಾಳೆಯಾಗುತ್ತವೆ. ಇದು ಹೇಗೆ ಸಾಧ್ಯ ಎನ್ನುವುದೇ ಇವತ್ತಿನ ನನ್ನ ವಿಷಯ.

ಫೋಟೊದಲ್ಲಿ ಆ ಹುಡುಗಿ ಓದಿಕೊಂಡದ್ದು ಹೀಗೆ:

(1) x + 2y + z = 3
(2) 2x − y + 3z = 20
(3) 3x + y − 2z = 1

ಅವಳ ಕೆಲಸವನ್ನು ನಾವೂ ಹಿಂಬಾಲಿಸೋಣ. ಮೊದಲ ಸಮೀಕರಣದಲ್ಲಿ x ಒಂಟಿಯಾಗಿದೆ, ಅದರ ಸಹಗುಣಕ 1. ಆದ್ದರಿಂದ x ಅನ್ನು ವರ್ಜಿಸುವುದು ಸುಲಭ. (2)ರಿಂದ (1)ರ ಎರಡರಷ್ಟನ್ನು ಕಳೆದರೆ x ಹೋಗಿ −5y + z = 14 ಉಳಿಯುತ್ತದೆ. ಇದನ್ನು (4) ಎನ್ನೋಣ. (3)ರಿಂದ (1)ರ ಮೂರರಷ್ಟನ್ನು ಕಳೆದರೆ −5y − 5z = −8. ಇದು (5). ಈಗ ಅವ್ಯಕ್ತ ಎರಡೇ. ಎರಡರಲ್ಲೂ −5y ಇರುವುದರಿಂದ (4)ರಿಂದ (5)ನ್ನು ಕಳೆದರೆ ಸಾಕು: 6z = 22. ಅಲ್ಲಿಂದ z = 11/3, ಅದನ್ನು (4)ಕ್ಕೆ ಹಾಕಿದರೆ y = −31/15, ಎರಡನ್ನೂ (1)ಕ್ಕೆ ಹಾಕಿದರೆ x = 52/15.

ಹುಡುಗಿ ತಾಳೆ ನೋಡಿದ್ದೂ ಅಚ್ಚುಕಟ್ಟಾಗಿಯೇ ಇತ್ತು. ಎಲ್ಲವನ್ನೂ ಹದಿನೈದನೆಯ ಭಾಗಗಳಿಗೆ ತಂದುಕೊಂಡಿದ್ದಳು: 52, −31, 55. ಎರಡನೆಯ ಸಮೀಕರಣದಲ್ಲಿ 104 + 31 + 165, ಒಟ್ಟು 300. ಹದಿನೈದರಿಂದ ಭಾಗಿಸಿದರೆ 20. ಮೂರನೆಯದರಲ್ಲಿ 156 − 31 − 110, ಅಂದರೆ 15, ಭಾಗಿಸಿದರೆ 1. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಆದರೆ ಹಾಳೆಯಲ್ಲಿದ್ದ ಲೆಕ್ಕ ಇದಲ್ಲ. ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಮೂರನೆಯ ಸಾಲಿನ ಕೊನೆಯನ್ನು ನೋಡಿದೆ. ಸಮ ಚಿಹ್ನೆಯ ಎರಡು ಗೆರೆಗಳಲ್ಲಿ ಮೇಲಿನದು ಕೆಳಗಿನದಕ್ಕಿಂತ ಎದ್ದು ಕಾಣುವಷ್ಟು ಉದ್ದವಾಗಿತ್ತು. ಮೇಲಿನ ಎರಡು ಸಾಲುಗಳಲ್ಲಿ ಅದೇ ಕೈಯ ಸಮ ಚಿಹ್ನೆಗಳು ಎರಡೂ ಗೆರೆ ಒಂದೇ ಉದ್ದ ಇರುವಂಥವು. ಹಾಗಾದರೆ ಆ ಹೆಚ್ಚುವರಿ ಉದ್ದ ಎಲ್ಲಿಂದ ಬಂತು? ಅದು ಸಮ ಚಿಹ್ನೆಯ ಗೆರೆಯಲ್ಲ, ಒತ್ತಿ ಬರೆದ ಋಣ ಚಿಹ್ನೆ ಅದಕ್ಕೆ ಅಂಟಿಕೊಂಡಿರುವುದು. ಹಾಳೆಯನ್ನು ಓರೆಯಾಗಿ ಹಿಡಿದು ತೆಗೆದ ಚಿತ್ರ, ಮೇಲೆ ಫೋನಿನದೇ ನೆರಳು, ಜೊತೆಗೆ ಕಳಿಸುವಾಗ ಆ್ಯಪ್ ಚಿತ್ರವನ್ನು ಕುಗ್ಗಿಸಿದೆ. ನಡುವಿನ ಸಣ್ಣ ಬಿಳಿ ಜಾಗ ಮುಚ್ಚಿಹೋಗಿದೆ. ಬಲಭಾಗದಲ್ಲಿ ಇದ್ದದ್ದು 1 ಅಲ್ಲ, −1.

ಅದನ್ನು ಹಾಕಿ ಮತ್ತೆ ಬಿಡಿಸಿದರೆ (4) ಹಾಗೆಯೇ ಉಳಿಯುತ್ತದೆ, (5) ಮಾತ್ರ −5y − 5z = −10 ಆಗುತ್ತದೆ. ಕಳೆದರೆ 6z = 24, z = 4, y = −2, x = 3. ತಾಳೆ: 3 − 4 + 4 = 3; 6 + 2 + 12 = 20; 9 − 2 − 8 = −1. ಗೆಳತಿಯ ಉತ್ತರ ಇದೇ.

ಇಲ್ಲಿ ಗಮನಿಸಬೇಕಾದ್ದು, ಹುಡುಗಿಯ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಆಕೆ ಬಿಡಿಸಿದ ಲೆಕ್ಕಕ್ಕೆ ಆಕೆಯ ಉತ್ತರವೇ ಸರಿ. ಬೆಲೆಗಳನ್ನು ಸಮೀಕರಣಕ್ಕೆ ಆದೇಶಿಸಿ ನೋಡುವ ತಾಳೆಯು ನಮ್ಮ ಉತ್ತರವನ್ನು ನಾವು ಓದಿಕೊಂಡ ಸಮೀಕರಣದೊಡನೆ ಹೋಲಿಸುತ್ತದೆ. ಓದಿಕೊಂಡದ್ದು ಹಾಳೆಯಲ್ಲಿದ್ದುದಕ್ಕೆ ಸಮವೇ ಎಂದು ಅದು ಕೇಳುವುದೇ ಇಲ್ಲ. ಹಾಳೆಯಿಂದ ಫೋಟೊಗೆ ಒಮ್ಮೆ, ಫೋಟೊದಿಂದ ನಮ್ಮ ನೋಟ್‌ಬುಕ್ಕಿಗೆ ಇನ್ನೊಮ್ಮೆ, ಹೀಗೆ ಲೆಕ್ಕ ಎರಡು ಸಲ ಕೈ ಬದಲಿಸುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಸಾಲಿಗೆ ಬೆಲೆಗಳನ್ನು ಹಾಕಿ ತಾಳೆ ನೋಡಿದರೆ ಎರಡು ಕಡೆಯ ತಪ್ಪುಗಳೂ ಕಣ್ಣಿಗೆ ಬೀಳುವುದಿಲ್ಲ. ಅದರ ಬದಲು ನೋಟ್‌ಬುಕ್ ಮುಚ್ಚಿ, ಫೋಟೊವನ್ನೇ ನೋಡುತ್ತ, ಸಹಗುಣಕಗಳನ್ನು ಅಲ್ಲಿಂದಲೇ ಎತ್ತಿಕೊಂಡು ತಾಳೆ ಹಾಕಿದರೆ ನಕಲು ಮಾಡುವಾಗಿನ ತಪ್ಪಾದರೂ ಸಿಕ್ಕಿಬೀಳುತ್ತದೆ. ನಾನು ಮಕ್ಕಳಿಗೆ ಹಟ ಹಿಡಿದು ಹೇಳುವ ಒಂದೇ ನಿಯಮ ಇದು. ಹೆಚ್ಚಿನವರು ಪಾಲಿಸುವುದಿಲ್ಲ, ಫೋನು ಅಷ್ಟರಲ್ಲಿ ಬೇರೆ ಯಾವುದೋ ಕೆಲಸಕ್ಕೆ ಹೋಗಿರುತ್ತದೆ.

ಫೋಟೊದಲ್ಲೇ ತಪ್ಪಿದ್ದರೆ? ಆಗ ಉತ್ತರದ ರೂಪವೇ ಸುಳಿವು ಕೊಡುತ್ತದೆ. 52/15 ನೋಡಿದ ಕೂಡಲೇ ನನಗೆ ಅನುಮಾನ ಬಂದದ್ದು ಅದಕ್ಕೇ. ಪಠ್ಯದ ಲೆಕ್ಕ ಕಟ್ಟುವವರು ಮೊದಲು ಪೂರ್ಣಾಂಕದ ಉತ್ತರವನ್ನು ಆರಿಸಿಕೊಂಡು, ಆಮೇಲೆ ಸಮೀಕರಣಗಳನ್ನು ಹಿಂದಿನಿಂದ ಹೆಣೆಯುವುದು ಸಾಮಾನ್ಯ. ಆದರೆ ಬರಿಯ ಅನುಮಾನದಿಂದ ಮುಂದೆ ಹೋಗಲು ಒಂದು ಉಪಾಯವಿದೆ. ಯಾವ ಜಾಗದ ಮೇಲೆ ಅನುಮಾನವೋ ಅಲ್ಲಿ ಸಂಖ್ಯೆಯನ್ನು ಒರೆಸಿ ಒಂದು ಅಕ್ಷರ ಇಡಿ. ಮೂರನೆಯ ಸಮೀಕರಣದ ಬಲಭಾಗವನ್ನು k ಎಂದಿಟ್ಟುಕೊಂಡು ಅದೇ ಹೆಜ್ಜೆಗಳನ್ನು ಮತ್ತೊಮ್ಮೆ ನಡೆಯಿರಿ. (4) ಬದಲಾಗುವುದಿಲ್ಲ. (5) ಈಗ −5y − 5z = k − 9. ಕಳೆದರೆ 6z = 23 − k. ಕೊನೆಗೆ ಸಿಗುವುದು:

z = (23 − k)/6
y = −(61 + k)/30
x = (97 + 7k)/30

ಈ ಮೂರು ಸಾಲುಗಳನ್ನು ನೋಡಿ. k ಒಂದು ಹೆಚ್ಚಿದರೆ y ಮೂವತ್ತನೆಯ ಒಂದು ಭಾಗ ಮಾತ್ರ ಕದಲುತ್ತದೆ. ಹಾಗಾಗಿ y ಪೂರ್ಣಾಂಕವಾಗಬೇಕಾದರೆ 61 + k ಮೂವತ್ತರ ಗುಣಕವಾಗಿರಬೇಕು: k ಎಂದರೆ −1, ಇಲ್ಲವೆ 29, ಇಲ್ಲವೆ −31, ಹೀಗೆ ಮೂವತ್ತು ಮೂವತ್ತರ ಅಂತರದಲ್ಲಿ. ಹಾಳೆಯಲ್ಲಿ ಕಾಣುವುದು 1ರ ಆಕಾರ. ಇದ್ದರೆ 1, ಇಲ್ಲದಿದ್ದರೆ −1, ಕೈಬರಹ ತೀರ ಕೆಟ್ಟದಾಗಿದ್ದರೆ 7. ಇವುಗಳಲ್ಲಿ ಪೂರ್ಣಾಂಕ ಕೊಡುವುದು −1 ಒಂದೇ. ಛೇದದಲ್ಲಿ ಬಂದ 30 ಎಲ್ಲಿಂದ ಎಂದು ಪಿಯುಸಿ ಮಕ್ಕಳು ಕೇಳಿದರೆ, ಎಡಭಾಗದ ಒಂಬತ್ತು ಸಹಗುಣಕಗಳ ನಿರ್ಧಾರಕವನ್ನು ಬಿಡಿಸಿ ನೋಡಿ, ಅದು 30. ಬಲಭಾಗದ ಯಾವ ಸಂಖ್ಯೆಯನ್ನು ತಪ್ಪು ಓದಿದರೂ, ಅದು ಪೂರ್ಣಸಂಖ್ಯೆಯಾಗಿರುವ ತನಕ, ಉತ್ತರದ ಛೇದ 30ರ ಅಪವರ್ತನವೇ ಆಗಿರುತ್ತದೆ. 15 ಮತ್ತು 3 ಬಂದದ್ದು ಹಾಗೆ. ಛೇದದಲ್ಲಿ 7 ಅಥವಾ 11 ಬಂದಿದ್ದರೆ ಬಲಭಾಗವನ್ನು ದೂರದೆ, ಎಡಭಾಗದ ಸಹಗುಣಕಗಳನ್ನೋ ನಿಮ್ಮದೇ ಕೂಡು-ಕಳೆಗಳನ್ನೋ ತಡಕಬೇಕು.

ಇದು ಸುಳಿವೇ ಹೊರತು ಸಾಕ್ಷಿಯಲ್ಲ ಎಂದು ಒತ್ತಿ ಹೇಳಬೇಕು. ಚೀನಾದ 'ಗಣಿತ ಕಲೆಯ ಒಂಬತ್ತು ಅಧ್ಯಾಯಗಳು' ಎಂಬ ಪ್ರಾಚೀನ ಗ್ರಂಥದ ಎಂಟನೆಯ ಅಧ್ಯಾಯ ಪೂರ್ತಿ ಇಂಥ ಲೆಕ್ಕಗಳದ್ದೇ. ಕ್ರಿ.ಶ. 263ರಲ್ಲಿ ಲಿಯು ಹುಯಿ ಅದಕ್ಕೆ ವ್ಯಾಖ್ಯಾನ ಬರೆದ. ಗ್ರಂಥ ಅದಕ್ಕಿಂತ ಹಳೆಯದು. ಆ ಅಧ್ಯಾಯದ ಮೊದಲ ಲೆಕ್ಕದಲ್ಲಿ ಉತ್ತಮ, ಮಧ್ಯಮ, ಕನಿಷ್ಠ ಎಂದು ಮೂರು ಬಗೆಯ ಧಾನ್ಯದ ಕಟ್ಟುಗಳಿವೆ. ಉತ್ತಮ 3, ಮಧ್ಯಮ 2, ಕನಿಷ್ಠ 1 ಸೇರಿದರೆ 39 ಅಳತೆ ಧಾನ್ಯ. 2, 3, 1 ಸೇರಿದರೆ 34. 1, 2, 3 ಸೇರಿದರೆ 26. ಎಣಿಕೆಯ ಕಡ್ಡಿಗಳನ್ನು ಹಲಗೆಯ ಮೇಲೆ ಕಂಬಸಾಲಾಗಿ ಜೋಡಿಸಿ, ಒಂದು ಸಾಲನ್ನು ಗುಣಿಸಿ ಇನ್ನೊಂದರಿಂದ ಕಳೆಯುತ್ತ ಹೋಗುವುದು ಅವರ ಕ್ರಮ. ನಾವು ಮಾಡಿದ್ದೂ ಅದನ್ನೇ. ಅವರಿಗೆ ಸಿಕ್ಕ ಉತ್ತರ ಒಂಬತ್ತು ಕಾಲು, ನಾಲ್ಕು ಕಾಲು, ಎರಡು ಮುಕ್ಕಾಲು. ಹಾಕಿ ನೋಡಿ, ಮೂರೂ ತಾಳೆಯಾಗುತ್ತವೆ. ಭಿನ್ನರಾಶಿ ಬಂತೆಂದು ಆ ಗ್ರಂಥವನ್ನು ಯಾರೂ ತಪ್ಪು ಓದಿಲ್ಲ, ಲೆಕ್ಕವೇ ಹಾಗಿದೆ. ಧಾನ್ಯ ಅಳೆದು, ತೂಕ ಹಾಕಿ ತಂದ ಸಂಖ್ಯೆಗಳಲ್ಲಿ ಪೂರ್ಣಾಂಕ ಬರಬೇಕೆಂಬ ನಿಯಮವಿಲ್ಲ.

ನಮ್ಮ ಕಡೆಯದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣಿನ ಬೆಲೆಯ ಲೆಕ್ಕ ಕೊಡುತ್ತಾನೆ. ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲ ಸೇರಿ 101. ಉತ್ತರ 8 ಮತ್ತು 5. ಲೆಕ್ಕ ಇರುವುದು ಸಂಸ್ಕೃತ ಪದ್ಯದಲ್ಲಿ, ಸಂಖ್ಯೆಗಳು ಅಂಕಿಗಳಾಗಿರದೆ ಪದಗಳಾಗಿ ಬರುತ್ತವೆ. ನಕಲು ಮಾಡುವವನು ಒಂದು ಪದ ನುಂಗಿದರೆ ಛಂದಸ್ಸು ಮುರಿಯುತ್ತದೆ. ನಮ್ಮ ಋಣ ಚಿಹ್ನೆಗೆ ಆ ಕಾವಲಿಲ್ಲ, ಕಳೆದುಹೋದರೂ ಸಾಲು ನೋಡಲು ಸರಿಯಾಗಿಯೇ ಇರುತ್ತದೆ.

ಇಷ್ಟು ಹೊತ್ತು ಓದುವಾಗಿನ ತಪ್ಪಿನ ಮಾತಾಯಿತು. ಬಿಡಿಸುವಾಗಿನ ತಪ್ಪು ಬೇರೆ ಜಾತಿಯದು, ಅದನ್ನು ಹಿಡಿಯಲು ತಾಳೆಯೇ ಸರಿಯಾದ ಸಾಧನ. ಆದರೆ ಅದನ್ನು ಅರ್ಧಕ್ಕೆ ನಿಲ್ಲಿಸಬಾರದು. ಸರಿಯಾಗಿ ಓದಿದ ಲೆಕ್ಕವನ್ನೇ ತೆಗೆದುಕೊಳ್ಳಿ, ಮೂರನೆಯದರ ಬಲಭಾಗ −1 ಇರುವುದು. (2)ರಿಂದ (1)ರ ಎರಡರಷ್ಟನ್ನು ಕಳೆಯುವಾಗ −yಯಿಂದ 4yಯನ್ನು ಕಳೆಯಬೇಕು, ಬರುವುದು −5y. ಅವಸರದಲ್ಲಿ ಇದನ್ನು 3y ಎಂದು ಬರೆಯುವವರು ಬಹಳ. x ಅನ್ನು ಕಳೆದಿದ್ದಾರೆ, z ಅನ್ನು ಕಳೆದಿದ್ದಾರೆ, ನಡುವೆ y ಒಂದನ್ನು ಮಾತ್ರ ಕೂಡಿಬಿಟ್ಟಿದ್ದಾರೆ. ಆಗ (4) ಆಗುವುದು 3y + z = 14. (5)ನ್ನು −5ರಿಂದ ಭಾಗಿಸಿದರೆ y + z = 2. ಕಳೆದರೆ 2y = 12, y = 6, z = −4, x = −5.

ಎಲ್ಲವೂ ಪೂರ್ಣಾಂಕ! ರೂಪ ನೋಡಿ ಅನುಮಾನಪಡಲು ಏನೂ ಇಲ್ಲ. ಈಗ ತಾಳೆ ಹಾಕಿ. ಮೊದಲನೆಯದು: −5 + 12 − 4 = 3, ಸರಿ. ಮೂರನೆಯದು: −15 + 6 + 8 = −1, ಅದೂ ಸರಿ. ಇಲ್ಲಿಗೆ ಪುಸ್ತಕ ಮುಚ್ಚಿದವರು ತಪ್ಪು ಉತ್ತರವನ್ನು ಧೈರ್ಯವಾಗಿ ಬರೆದು ಬರುತ್ತಾರೆ. ಎರಡನೆಯದರಲ್ಲಿ ಮಾತ್ರ −10 − 6 − 12, ಅಂದರೆ −28 ಬರುತ್ತದೆ, ಬೇಕಾಗಿದ್ದುದು 20.

ಎರಡು ಸಮೀಕರಣಗಳು ಯಾಕೆ ಒಪ್ಪಿಕೊಂಡವು ಎಂಬುದನ್ನು ಅರ್ಥ ಮಾಡಿಕೊಂಡರೆ ತಾಳೆಯ ಬಲಾಬಲ ಎರಡೂ ತಿಳಿಯುತ್ತದೆ. x ಅನ್ನು ನಾವು ಕಂಡುಹಿಡಿದದ್ದೇ (1)ಕ್ಕೆ ಬೆಲೆಗಳನ್ನು ಹಾಕಿ. ಹಾಗಿರುವಾಗ (1) ತಾಳೆಯಾಗದೆ ಇನ್ನೇನಾದೀತು? ಅದರಲ್ಲಿ ತಾಳೆ ನೋಡುವುದು ಕೊನೆಯ ಕೂಡಿಕೆಯನ್ನು ಮತ್ತೆ ಕೂಡಿದಂತೆ, ಅಷ್ಟೆ. (3) ಒಪ್ಪಿದ್ದು, (5)ನ್ನು ಅದರಿಂದ ಸರಿಯಾಗಿ ಹೊರಡಿಸಿದ್ದರಿಂದ. ತಪ್ಪು ಹೊಕ್ಕದ್ದು (2)ರ ದಾರಿಯಲ್ಲಿ, ಆದ್ದರಿಂದ ತಡೆದದ್ದೂ (2) ಒಂದೇ. ಸಮಯವಿಲ್ಲದೆ ಒಂದೇ ಸಮೀಕರಣದಲ್ಲಿ ತಾಳೆ ನೋಡುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಮೊದಲನೆಯದನ್ನು. ಮೂರರಲ್ಲಿ ಅತ್ಯಂತ ನಿರುಪಯೋಗಿಯಾದದ್ದು ಅದೇ.

(2) ತಾಳೆಯಾಗಲಿಲ್ಲ ಎಂದಾಕ್ಷಣ ಅದರಿಂದ (4) ಬರೆದ ಹೆಜ್ಜೆಯಲ್ಲೇ ತಪ್ಪಿದೆ ಎಂದು ತೀರ್ಮಾನಿಸಬೇಡಿ. ಇನ್ನೊಬ್ಬನು (4)ನ್ನು ಸರಿಯಾಗಿಯೇ ಬರೆದು, 6z = 24 ಬಂದಮೇಲೆ z = 3 ಎಂದು ಬರೆದ ಎನ್ನಿ. y + z = 2ರಿಂದ ಅವನಿಗೆ y = −1, (1)ರಿಂದ x = 2. ಅವನಿಗೂ (1) ಮತ್ತು (3) ತಾಳೆಯಾಗುತ್ತವೆ, (2)ರಲ್ಲಿ 20ರ ಬದಲು 14 ಬರುತ್ತದೆ. ಲಕ್ಷಣ ಒಂದೇ, ರೋಗ ಬೇರೆ. ಬೇರ್ಪಡಿಸಲು ನಡುವಿನ ಸಮೀಕರಣಕ್ಕೂ ಬೆಲೆಗಳನ್ನು ಹಾಕಬೇಕು. ಮೊದಲಿನವನು ತಾನು ಬರೆದ 3y + z = 14ಕ್ಕೆ 6 ಮತ್ತು −4 ಹಾಕಿದರೆ 18 − 4 = 14, ಸರಿಹೋಗುತ್ತದೆ. ಅಂದರೆ (4)ರ ಮುಂದಿನ ಹೆಜ್ಜೆಗಳಲ್ಲಿ ದೋಷವಿಲ್ಲ, ದೋಷ (2)ರಿಂದ (4)ಕ್ಕೆ ಬರುವಾಗಲೇ ಆಗಿದೆ. ಎರಡನೆಯವನು −5y + z = 14ಕ್ಕೆ −1 ಮತ್ತು 3 ಹಾಕಿದರೆ 8 ಬರುತ್ತದೆ. ಅವನ ದೋಷ (4)ನ್ನು ದಾಟಿದ ಮೇಲಿನದು. ಇಡೀ ಲೆಕ್ಕವನ್ನು ಮೊದಲಿನಿಂದ ಮಾಡುವ ಬದಲು ಒಂದೇ ಸಾಲಿನ ಕೆಲಸದಲ್ಲಿ ತಪ್ಪಿನ ಜಾಗ ಸಿಕ್ಕಿತು. ಮೌಲ್ಯಮಾಪನ ಮಾಡುವವರಿಗೂ ಇದು ಅನುಕೂಲ, ಯಾವ ಹೆಜ್ಜೆಯವರೆಗೆ ಅಂಕ ಕೊಡಬೇಕೆಂದು ಬೇಗ ತಿಳಿಯುತ್ತದೆ.

ಮತ್ತೆ ಫೋಟೊದ ಕಡೆಗೆ ಬರುತ್ತೇನೆ, ಏಕೆಂದರೆ ಅಕ್ಷರ ಇಡುವ ಉಪಾಯದ ಮಿತಿಯನ್ನು ಇನ್ನೂ ಹೇಳಿಲ್ಲ. ಬಲಭಾಗದ ಸಂಖ್ಯೆ ಅನುಮಾನದ್ದಾಗಿದ್ದಾಗ ಅದು ಚೆನ್ನಾಗಿ ಕೆಲಸ ಮಾಡಿತು, ಮೂವತ್ತಕ್ಕೊಂದು ಬೆಲೆಯನ್ನು ಮಾತ್ರ ಉಳಿಸಿತು. ಅನುಮಾನ ಎಡಭಾಗದ ಸಹಗುಣಕದ ಮೇಲಿದ್ದರೆ ಆಟವೇ ಬೇರೆ. ಇದೇ ಹಾಳೆಯಲ್ಲಿ ಮೂರನೆಯ ಸಾಲಿನ −2z ಮೇಲೆ ಮಸಿ ಚೆಲ್ಲಿ zನ ಸಹಗುಣಕ ಕಾಣದಂತಾಗಿದೆ ಎಂದುಕೊಳ್ಳಿ. ಕೈಬರಹದಲ್ಲಿ 2 ಮತ್ತು z ಒಂದೇ ತರಹ ಕಾಣುವ ತೊಂದರೆ ಹೇಗೂ ಇದ್ದೇ ಇದೆ; ಅದಕ್ಕೆ ಮೇಲಿನ ಎರಡು ಸಾಲುಗಳಲ್ಲಿ z ಯಾವ ಜಾಗದಲ್ಲಿದೆಯೋ ಅದರ ನೇರ ಕೆಳಗೆ ನೋಡಿದರೆ ಬಹುಪಾಲು ಪರಿಹಾರವಾಗುತ್ತದೆ. ಮಸಿಗೆ ಆ ಪರಿಹಾರವಿಲ್ಲ. ಅಲ್ಲಿ m ಇಟ್ಟು ಬಿಡಿಸೋಣ: 3x + y + mz = −1.

(1)ರ ಮೂರರಷ್ಟನ್ನು ಕಳೆದರೆ −5y + (m − 3)z = −10. ಇದರಿಂದ (4)ನ್ನು ಕಳೆದರೆ (m − 4)z = −24. ಅಂದರೆ z = 24/(4 − m), y = (z − 14)/5. m ಎಂಬುದು 4 ಆಗಿದ್ದರೆ ಸೊನ್ನೆಗೆ −24 ಸಮವಾಗಬೇಕಾಗುತ್ತದೆ, ಅಂಥ ಲೆಕ್ಕಕ್ಕೆ ಉತ್ತರವೇ ಇಲ್ಲ. ಹಾಗಾಗಿ 4 ಹೊರಗೆ. ಉಳಿದವುಗಳಲ್ಲಿ ಪೂರ್ಣಾಂಕ ಕೊಡುವುದು ಯಾವುದು? m = −2 ಆದರೆ ನಮ್ಮ ಪರಿಚಿತ ಉತ್ತರ, 3, −2, 4. m = 3 ಆದರೆ z = 24, y = 2, x = −25. m = 8 ಆದರೆ z = −6, y = −4, x = 17. ಬೇಕಾದರೆ ಒಂದೊಂದನ್ನೂ ಹಾಕಿ ನೋಡಿ. ಎರಡನೆಯ ಉತ್ತರದಲ್ಲಿ −75 + 2 + 72 = −1; ಮೂರನೆಯ ಉತ್ತರದಲ್ಲಿ 51 − 4 − 48 = −1. ಮೊದಲೆರಡು ಸಮೀಕರಣಗಳೂ ಒಪ್ಪುತ್ತವೆ.

ಒಂದೇ ಅಂಕಿಯ ಸಹಗುಣಕಗಳಲ್ಲಿ ಹೀಗೆ ಮೂರು ಉಳಿಯುತ್ತವೆ, ಮೂರೂ ಪೂರ್ಣಾಂಕ, ಮೂರೂ ತಾಳೆಯಾಗುತ್ತವೆ. 3, −2, 4 ಸಣ್ಣ ಸಂಖ್ಯೆಗಳಾದ್ದರಿಂದ ಲೆಕ್ಕ ಕಟ್ಟಿದವರು ಅದನ್ನೇ ಇಟ್ಟಿರಬೇಕು ಎಂದು ನಾನು ಪಣ ಕಟ್ಟಿಯೇನು, ಆದರೆ ಅದು ಲೆಕ್ಕ ಕಟ್ಟುವವರ ಸ್ವಭಾವದ ಮೇಲಿನ ಪಣ. ಮಸಿಯ ಅಡಿಯಲ್ಲಿ ಯಾವ ಅಂಕಿಯಿದೆ ಎಂಬುದನ್ನು ಎಷ್ಟು ವರ್ಜಿಸಿದರೂ, ಎಷ್ಟು ಆದೇಶಿಸಿದರೂ ಹೊರತೆಗೆಯಲಾಗದು. ಹಾಳೆ ಇಟ್ಟುಕೊಂಡ ಗೆಳತಿಗೆ ಫೋನ್ ಮಾಡಿ, ಮೂರನೆಯ ಸಾಲನ್ನು ಬಾಯಲ್ಲಿ ಓದಿಸಿಕೊಳ್ಳಬೇಕು, ಚಿಹ್ನೆಗಳನ್ನೂ ಸೇರಿಸಿ.